ಯೋಚನೆಯೊಂದಿಗೆ ವಾದ ಏಕೆ?

*ಸಭೆಯಲ್ಲಿ ಮಾತನಾಡುವ ಮುನ್ನ ‘ನಾನು ದಡ್ಡಿ ಎಂಬುದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ’ ಎಂಬ ಯೋಚನೆ ಬರುತ್ತದೆ. ಚಿಕಿತ್ಸಕರು ಹೇಳಿಕೊಟ್ಟಂತೆ ಅದರ ಪರ, ವಿರುದ್ಧದ ಪುರಾವೆಗಳನ್ನು ಬರೆಯುತ್ತೇನೆ. ಸಂಜೆಯ ಹೊತ್ತಿಗೆ ಅದು ಮತ್ತೆ ಹಾಜರು. ‘ಆ್ಯಕ್ಟ್’ ಚಿಕಿತ್ಸೆಯಲ್ಲಿ ವಾದವೇ ಇಲ್ಲವಂತೆ. ಅದು ಸೋಲೊಪ್ಪಿಕೊಂಡಂತೆ ಅಲ್ಲವೇ?*
*– ಓದುಗರೊಬ್ಬರು*

ನಿಮ್ಮ ಪಟ್ಟಿಯನ್ನು ನಾನು ಹಳಿಯುವುದಿಲ್ಲ. ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ರೂಪಿಸಿದ, ಯೋಚನೆಯನ್ನು ಹೀಗೆ ಪುರಾವೆಗಳೊಂದಿಗೆ ತಾಳೆ ನೋಡುವ ಅರಿವಿನ ಚಿಕಿತ್ಸೆ ಅಸಂಖ್ಯ ಜನರಿಗೆ ನೆರವಾಗಿದೆ. ಎದೆ ಬಡಿದುಕೊಂಡಾಗಲೆಲ್ಲ ಹೃದಯಾಘಾತವೆಂದು ಹೆದರುವವರಿಗೆ ಪುರಾವೆ ನೋಡುವುದು ನಿಜಕ್ಕೂ ಉಪಯುಕ್ತ. ಅಲ್ಲಿ ಪರೀಕ್ಷಿಸಬಹುದಾದ ತಪ್ಪೊಂದಿದೆ.

ಆದರೆ ‘ನಾನು ದಡ್ಡಿ’ ಎಂಬುದಕ್ಕೆ ಯಾವ ಪುರಾವೆ ಸಾಕಾದೀತು? ನೀವು ಹತ್ತು ಯಶಸ್ಸುಗಳನ್ನು ಬರೆದರೆ ಮನಸ್ಸು ಹನ್ನೊಂದನೆಯದಾಗಿ ಒಂದು ವೈಫಲ್ಯವನ್ನು ತಂದಿಡುತ್ತದೆ. ಬರೆದ ಕ್ಷಣ ನೆಮ್ಮದಿ, ಸಂಜೆಗೆ ಮತ್ತೆ ಬರೆಯುವ ತವಕ. ಹೀಗಾದರೆ ಪಟ್ಟಿ ಧೈರ್ಯ ಹೇಳಿಸಿಕೊಳ್ಳುವ ಚಟವಾಗಿದೆ ಎಂದರ್ಥ.

ಮನೋವಿಜ್ಞಾನಿ ಸ್ಟೀವನ್ ಹೇಸ್ ಮತ್ತು ಸಂಗಡಿಗರು ಬೆಳೆಸಿದ ಆ್ಯಕ್ಟ್, ಅಂದರೆ ಸ್ವೀಕಾರ ಮತ್ತು ಬದ್ಧತೆಯ ಚಿಕಿತ್ಸೆ, ಪ್ರಶ್ನೆಯನ್ನೇ ಬದಲಿಸುತ್ತದೆ. ಯೋಚನೆ ನಿಜವೋ ಸುಳ್ಳೋ ಎಂದು ಕೇಳುವುದಿಲ್ಲ. ಅದು ಹೇಳಿದಂತೆ ನಡೆದರೆ ನಿಮ್ಮ ಬದುಕು ಎತ್ತ ಸಾಗುತ್ತದೆ ಎಂದು ಕೇಳುತ್ತದೆ. ಮೊದಲು ‘ನಾನು ದಡ್ಡಿ’ ಎನ್ನಿ. ಆಮೇಲೆ ‘ನಾನು ದಡ್ಡಿ ಎಂಬ ಯೋಚನೆ ನನಗೆ ಬರುತ್ತಿದೆ’ ಎನ್ನಿ. ಅನಂತರ ‘ದಡ್ಡಿ’ ಎಂಬ ಒಂದೇ ಪದವನ್ನು ಅರ್ಧ ನಿಮಿಷ ಗಟ್ಟಿಯಾಗಿ, ವೇಗವಾಗಿ ಹೇಳುತ್ತಾ ಹೋಗಿ. ಅರ್ಥ ಸಡಿಲಗೊಂಡು ಬರಿಯ ಸದ್ದು ಉಳಿಯುತ್ತದೆ. ಟಿಚನರ್ ಎಂಬ ಮನೋವಿಜ್ಞಾನಿ ಒಂದು ಶತಮಾನದ ಹಿಂದೆಯೇ ಗುರುತಿಸಿದ್ದ ಸಂಗತಿಯಿದು. ತಮ್ಮನ್ನು ಕುಟುಕುವ ಪದವನ್ನು ಹೀಗೆ ಹೇಳಿಕೊಂಡವರಲ್ಲಿ ಅದರ ನೋವೂ ನಂಬಿಕೆಯೂ ಇಳಿದದ್ದನ್ನು ಹೇಸ್ ಅವರ ತಂಡ 2004ರಲ್ಲಿ ವರದಿ ಮಾಡಿತು.

ಇಲ್ಲೇ ಬಹಳ ಜನ ಎಡವುತ್ತಾರೆ. ಯೋಚನೆಯನ್ನು ಓಡಿಸಲು ಈ ಅಭ್ಯಾಸ ಮಾಡಿದರೆ ಹಳೆಯ ಜಗಳವೇ ಹೊಸ ವೇಷ ತೊಟ್ಟು ಬಂದಂತೆ. ‘ಹೇಳಿದೆ, ಆದರೂ ಹೋಗಲಿಲ್ಲ’ ಎಂದು ನಿಮಗೆ ಅನ್ನಿಸಿದರೆ ಜಾರಿದ್ದೀರಿ ಎಂದು ತಿಳಿಯಿರಿ. ಅದು ಉಳಿಯಬಹುದು, ಆಜ್ಞೆ ಮಾಡುವ ಅಧಿಕಾರ ಮಾತ್ರ ಅದಕ್ಕಿರಬಾರದು.

ಸೋಲು ಎಂದಿರಲ್ಲ, ಆ ಮಾತಿಗೆ ನನ್ನ ಆಕ್ಷೇಪವಿದೆ. ಸ್ವೀಕರಿಸಬೇಕಾದದ್ದು ಎದೆಯ ನಡುಕವನ್ನು, ‘ದಡ್ಡಿ’ ಎಂಬ ತೀರ್ಪನ್ನಲ್ಲ. ಸಭೆಗೆ ತಪ್ಪಿಸಿಕೊಂಡು ಕುಳಿತಿದ್ದರೆ ಅದನ್ನು ಸೋಲು ಎನ್ನಬಹುದಿತ್ತು.

ಆ್ಯಕ್ಟ್ ಎಲ್ಲಕ್ಕಿಂತ ಮೇಲೆಂದು ಅಧ್ಯಯನಗಳು ಸಾರಿಲ್ಲ. ಒಟ್ಟು ಫಲಿತಾಂಶದಲ್ಲಿ ಆ್ಯಕ್ಟ್ ಮತ್ತು ಅರಿವಿನ ಚಿಕಿತ್ಸೆ ಎರಡೂ ಹೆಚ್ಚುಕಡಿಮೆ ಸಮ. ಆದರೂ ನನ್ನ ಒಲವು ಆ್ಯಕ್ಟ್ ಕಡೆಗೇ. ‘ಸಕಾರಾತ್ಮಕವಾಗಿ ಯೋಚಿಸಿ’ ಎಂಬ ಉಪದೇಶವನ್ನು ನಮ್ಮಂಥ ಪತ್ರಿಕೆಗಳೂ ಕಚೇರಿಗಳ ತರಬೇತುದಾರರೂ ಎಗ್ಗಿಲ್ಲದೆ ಹಂಚಿದ್ದೇವೆ. ದುಃಖಿಸಲು ಕಾರಣವಿರುವವರಿಗೂ ತಮ್ಮ ತಲೆಯೇ ಕೆಟ್ಟಿದೆ ಎಂಬ ಇನ್ನೊಂದು ಹೊರೆಯನ್ನು ಅದು ಹೊರಿಸಿದೆ. ನನಗೆ ಸಿಟ್ಟಿರುವುದು ಅದರ ಮೇಲೆ.

ಮುಂದಿನ ಸಭೆಯಲ್ಲಿ ನಿಮಗೆ ಮುಖ್ಯವೆನಿಸಿದ ಒಂದು ಮಾತನ್ನು ನಡುಗುವ ದನಿಯಲ್ಲಾದರೂ ಹೇಳಿ. ಹೆದರಿಕೆ ಎಷ್ಟು ಇಳಿಯಿತು ಎಂದು ಅಳೆಯಬೇಡಿ. ಏನು ಹೇಳಿದಿರಿ ಎಂದು ನಿಮ್ಮ ಚಿಕಿತ್ಸಕರಿಗೆ ತಿಳಿಸಿ.

– ಸಂಪಾದಕ