ಮೂಲೆಯಲ್ಲಿದ್ದ ಆ ಕೈ

*ಮಾನ್ಯ ಸಂಪಾದಕರೇ, ನಮ್ಮೂರ ಕೊಂಡೋತ್ಸವದ ನನ್ನ ಚಿತ್ರವನ್ನು ನೀವು ವಾಪಸು ಕಳಿಸಿದ್ದೀರಿ. ಮೂಲೆಯಲ್ಲಿ ಯಾರೋ ಮೊಬೈಲ್ ಹಿಡಿದ ಕೈ ಅಡ್ಡ ಬಂದಿತ್ತು, ಅದೊಂದನ್ನು ಅಳಿಸಿದ್ದೆ, ಅಷ್ಟೇ. ಕೊಂಡ ಹಾಯುತ್ತಿದ್ದವರನ್ನು ಮುಟ್ಟಿಲ್ಲ. ನೀವು ಮಾತ್ರ ಪ್ರತಿ ಸಂಚಿಕೆಯಲ್ಲೂ ಚಿತ್ರಗಳ ಅಂಚು ಕತ್ತರಿಸುತ್ತೀರಿ. ಅದು ಸರಿ, ಇದು ಮೋಸ ಹೇಗೆ?*
*– ಓದುಗರೊಬ್ಬರು, ಮಳವಳ್ಳಿ*

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಇದೇ ಪ್ರಶ್ನೆಯನ್ನು ನಿಮಗಿಂತ ದೊಡ್ಡ ಬೆಲೆ ತೆತ್ತು ಎದುರಿಸಿದವರೊಬ್ಬರಿದ್ದಾರೆ. ಅವರ ಕತೆಯಿಂದಲೇ ಶುರು ಮಾಡುತ್ತೇನೆ.

ನಾರ್ಸಿಸೋ ಕಾಂಟ್ರೆರಾಸ್ ಮೆಕ್ಸಿಕೋದ ಛಾಯಾಗ್ರಾಹಕ. ಸಿರಿಯಾ ಯುದ್ಧದ ಚಿತ್ರಗಳಿಗಾಗಿ 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ತಂಡದಲ್ಲಿದ್ದವರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಡ್ಲಿಬ್ ಪ್ರಾಂತ್ಯದಲ್ಲಿ, ಕಾಳಗದ ನಡುವೆ ಮರೆಗೆ ಸರಿಯುತ್ತಿದ್ದ ಬಂಡುಕೋರನೊಬ್ಬನ ಚಿತ್ರ ತೆಗೆದರು. ಕೆಳಗೆ ಎಡಮೂಲೆಯಲ್ಲಿ ಸಹೋದ್ಯೋಗಿಯೊಬ್ಬರ ವಿಡಿಯೊ ಕ್ಯಾಮೆರಾ ನೆಲದ ಮೇಲಿತ್ತು. ನೋಡುವವರ ಗಮನ ಅತ್ತ ಹೋದೀತೆಂದು ಅದನ್ನು ಅಳಿಸಿ, ಪಕ್ಕದ ನೆಲದ ಚೂರುಗಳನ್ನು ಆ ಜಾಗಕ್ಕೆ ಮೆತ್ತಿ ಕಳಿಸಿಬಿಟ್ಟರು. ಆಮೇಲೆ ಸಂಪಾದಕರಿಗೆ ತಾವೇ ಒಪ್ಪಿಕೊಂಡರು. ಸಂಸ್ಥೆ ಅವರ ಸುಮಾರು 500 ಚಿತ್ರಗಳನ್ನು ಮೂಲದ ಜೊತೆ ಹೋಲಿಸಿ ನೋಡಿತು. ಬೇರೆ ಯಾವುದರಲ್ಲೂ ತಿದ್ದುಪಡಿ ಸಿಗಲಿಲ್ಲ. ಆದರೂ 2014ರ ಜನವರಿಯಲ್ಲಿ ಅವರ ಸಂಬಂಧ ಕಡಿದುಕೊಂಡು, ಮಾರಾಟದ ಭಂಡಾರದಿಂದ ಆ ಚಿತ್ರಗಳನ್ನೆಲ್ಲ ತೆಗೆಯಿತು.

ಶಿಕ್ಷೆ ಅತಿಯಾಯಿತೆಂದು ನನಗೂ ಅನ್ನಿಸಿದ್ದುಂಟು. ಅಳಿಸಿದ್ದು ತಪ್ಪೇ ಅಲ್ಲ ಎಂದು ಮಾತ್ರ ಅನ್ನಿಸಿಲ್ಲ. ಕ್ಯಾಮೆರಾ ಇರುವ ಚಿತ್ರ ನೋಡಿದವರಿಗೆ, ಅಲ್ಲಿ ಬಂಡುಕೋರನ ಪಕ್ಕದಲ್ಲೇ ಪತ್ರಕರ್ತರಿದ್ದರು, ಅವನಿಗೂ ಅದು ಗೊತ್ತಿದ್ದಿರಬಹುದು ಎಂದು ಹೊಳೆಯುತ್ತದೆ. ಇಲ್ಲದ ಚಿತ್ರದಲ್ಲಿ ಅವನು ಒಂಟಿ. ಅಳಿಸಿದವರಿಗೆ ಅದು ಕಸ, ನೋಡುವವರಿಗೆ ಸುದ್ದಿ.

ಈಗ ಕತ್ತರಿಯ ವಿಷಯ. ಸ್ಟೆಪನ್ ರುಡಿಕ್ ಎಂಬ ಉಕ್ರೇನಿನ ಛಾಯಾಗ್ರಾಹಕರ ಬೀದಿ ಕಾಳಗದ ಸರಣಿಗೆ 2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೊ ಬಹುಮಾನ ಬಂದು, ಹಿಂದಕ್ಕೂ ಹೋಯಿತು. ತಕರಾರು ಬಂದದ್ದು ಆ ಸರಣಿಯಲ್ಲಿದ್ದ, ಬಟ್ಟೆ ಸುತ್ತಿಸಿಕೊಳ್ಳುತ್ತಿರುವ ಕೈಯೊಂದರ ಚಿತ್ರಕ್ಕೆ. ಮೂಲದ ಬಹುಪಾಲನ್ನು ಅವರು ಕತ್ತರಿಸಿ ಎಸೆದಿದ್ದರು, ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿದ್ದರು. ಬಹುಮಾನ ಕಳೆದದ್ದು ಇದಾವುದೂ ಅಲ್ಲ, ಹಿನ್ನೆಲೆಯಲ್ಲಿ ಕಾಣುತ್ತಿದ್ದ ಇನ್ನೊಬ್ಬನ ಪಾದದ ಚೂರನ್ನು ಅಳಿಸಿದ್ದು. ಮುಕ್ಕಾಲು ಚಿತ್ರ ಬಿಸಾಡಿದರೆ ಸರಿ, ಚೂರು ಪಾದ ಅಳಿಸಿದರೆ ತಪ್ಪೇ ಎಂದು ಆಗಲೂ ಜನ ನಕ್ಕರು.

ನಗು ಸಹಜ. ಆದರೆ ಅಂಚು ಕತ್ತರಿಸಿದಾಗ ಉಳಿದ ಚೌಕಟ್ಟಿನಲ್ಲಿರುವುದೆಲ್ಲ ಲೆನ್ಸ್ ಕಂಡದ್ದೇ. ಚೌಕಟ್ಟಿನ ಹೊರಗೆ ಇನ್ನೇನೋ ಇತ್ತೆಂಬುದು ನೋಡುವವರಿಗೂ ಗೊತ್ತು. ಒಳಗಿನದನ್ನು ಅಳಿಸಿದರೆ ತೂತು ಬೀಳುತ್ತದೆ, ತೂತನ್ನು ಏನಾದರೂ ತಂದು ಮುಚ್ಚಲೇಬೇಕು. ನೀವು ಕೈ ಅಳಿಸಿದ ಜಾಗದಲ್ಲಿ ಈಗ ಕೆಂಡವಿದೆ. ಆ ಕೆಂಡ ಅಲ್ಲಿರಲಿಲ್ಲ. ತೆಗೆಯುವುದಕ್ಕೂ ಸೇರಿಸುವುದಕ್ಕೂ ಇಲ್ಲಿ ವ್ಯತ್ಯಾಸವೇ ಇಲ್ಲ, ಪ್ರತಿ ತೆಗೆತವೂ ಒಂದು ಸೇರ್ಪಡೆ. ಕ್ಯಾಮೆರಾದ ಸೆನ್ಸರ್ ಮೇಲೆ ಕೂತ ದೂಳಿನ ಚುಕ್ಕೆ ಒರೆಸಲು ಅಡ್ಡಿಯಿಲ್ಲ ಅನ್ನುವುದೂ ಇದಕ್ಕೇ: ದೂಳು ಕ್ಯಾಮೆರಾದಲ್ಲಿತ್ತು, ಕೊಂಡದ ಬಳಿ ಅಲ್ಲ.

ಕತ್ತರಿ ಪೂರ್ತಿ ನಿರಪರಾಧಿ ಎಂದೇನೂ ಹೇಳುತ್ತಿಲ್ಲ. ಐವತ್ತು ಜನರ ಸಭೆಯನ್ನು ಬಿಗಿಯಾಗಿ ಕತ್ತರಿಸಿ ಜನಸಾಗರ ಮಾಡಬಹುದು. ಅಲ್ಲಿ ಅಡಿಬರಹ ಸುಳ್ಳು ಹೇಳದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ನಮಗೆ ಹೇಗೆ ಗೊತ್ತಾಯಿತು ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಚಿತ್ರದ ಬಲಮೂಲೆಯಲ್ಲಿ ಬೂದಿ ಮೆತ್ತಿದ, ಬಾಲವಿರುವ ಒಂದು ಕೆಂಡವಿದೆ. ಎರಡು ಬೆರಳಗಲ ಮೇಲೆ ಅದೇ ಕೆಂಡ, ಅದೇ ಬಾಲ. 2006ರಲ್ಲಿ ಬೈರೂತಿನ ಹೊಗೆಯ ಚಿತ್ರವೊಂದರಿಂದ ರಾಯ್ಟರ್ಸ್ ಸುದ್ದಿಸಂಸ್ಥೆ ಮುಜುಗರಕ್ಕೀಡಾದದ್ದೂ ಹೀಗೆಯೇ. ಹೊಗೆಯ ಒಂದೇ ಸುರುಳಿ ಸಾಲಾಗಿ ಮತ್ತೆ ಮತ್ತೆ ಬಂದಿದ್ದನ್ನು ಬ್ಲಾಗ್ ಬರೆಯುವವರು ಹಿಡಿದರು. ಅಳಿಸುವ ಕೈ ನುರಿತದ್ದಾದರೆ ಇಂಥ ಗುರುತೂ ಉಳಿಯುವುದಿಲ್ಲ. ಅದಕ್ಕೇ ಸ್ಪರ್ಧೆಗಳಲ್ಲಿ ಕ್ಯಾಮೆರಾದಿಂದ ಬಂದ ರಾ ಫೈಲನ್ನೇ ಕೇಳುತ್ತಾರೆ.

ನಮ್ಮ ಕೈಯೂ ಶುದ್ಧವಲ್ಲ. ವರ್ಷಗಳ ಹಿಂದೆ ಬತ್ತಿದ ಕೆರೆಯೊಂದರ ಚಿತ್ರದಲ್ಲಿ ತಲೆಬರಹಕ್ಕೆ ಜಾಗ ಸಾಲದೆ, ಅಂಚಿನಲ್ಲಿದ್ದ ಜೆಸಿಬಿಯ ಬಕೆಟನ್ನು ಪುಟ ಕಟ್ಟುವಾಗ ಅಳಿಸಿದ್ದೆವು. ಆ ಊರಿನವರು ಫೋನ್ ಮಾಡಿ, ‘ಹೂಳು ತೆಗೆಯೋಕೆ ನಾವೇ ಚಂದಾ ಎತ್ತಿ ತರಿಸಿದ್ದ ಜೆಸಿಬಿ ಸಾರ್ ಅದು’ ಅಂದರು. ನಾವು ಬರೆದಿದ್ದು ಊರವರ ಉದಾಸೀನದ ಬಗ್ಗೆ.

ಮೊಬೈಲಿನ ಕೈ ಇರುವ ಮೂಲ ಫೈಲನ್ನೇ ಕಳಿಸಿ. ಕೊಂಡದ ಕಾವಿಗೆ ಆ ಕೈಯ ಅಂಚು ಕೆಂಪಗಾಗಿದ್ದರೆ, ನಾನು ಅದನ್ನು ಕತ್ತರಿಸುವುದೂ ಇಲ್ಲ.

– ಸಂಪಾದಕ