ಸಿಲಿಂಡರ್‌ಗೆ ಲಂಬ ಅಕ್ಷ ಪ್ರಮೇಯ ಯಾಕೆ ಹೊಂದುವುದಿಲ್ಲ?

ಪ್ರಶ್ನೆ: ಸರ್, ತೆಳು ಬಿಲ್ಲೆಗೆ Iz = Ix + Iy ಹಾಕಿ, ವ್ಯಾಸದ ಸುತ್ತ MR²/4 ಅಂತ ತೆಗೆದೆವು. ಸಿಲಿಂಡರ್‌ಗೂ ಉದ್ದದ ಅಕ್ಷದ ಸುತ್ತ MR²/2 ತಾನೇ? ಹಾಗಾದ್ರೆ ಅಡ್ಡ ಅಕ್ಷದ ಸುತ್ತ MR²/4 ಬರಬೇಕಲ್ವಾ? ಪುಸ್ತಕದಲ್ಲಿ ಬೇರೆ ಉತ್ತರ ಇದೆ. ಘನ ವಸ್ತುಗಳಿಗೆ ಬಳಸಬಾರದು ಅಂತಾರೆ, ಯಾಕೆ ಅಂತ ಯಾರೂ ಹೇಳಲಿಲ್ಲ. (ಪ್ರಥಮ ಪಿಯು ವಿದ್ಯಾರ್ಥಿನಿ, ಹಾಸನ)

ಉತ್ತರ: ಮೊದಲು ಒಂದೇ ಒಂದು ಕಣ ತೆಗೆದುಕೊಳ್ಳಿ. ರಾಶಿ 1 ಕೆ.ಜಿ. ಇರಲಿ. ಅದನ್ನು ಮೇಜಿನ ಮೇಲೆ x = 3 ಸೆಂ.ಮೀ., y = 4 ಸೆಂ.ಮೀ. ಇರುವ ಜಾಗದಲ್ಲಿ ಇಡಿ. x, y ಅಕ್ಷಗಳು ಮೇಜಿನ ಮೇಲೆಯೇ ಮಲಗಿವೆ, z ಅಕ್ಷ ಮೇಜಿನಿಂದ ನೆಟ್ಟಗೆ ಮೇಲೆದ್ದಿದೆ.

ಮೊಮೆಂಟ್ ಆಫ್ ಇನರ್ಷಿಯಾ ಅಂದರೆ ರಾಶಿಯನ್ನು ಅಕ್ಷದಿಂದ ಇರುವ ದೂರದ ವರ್ಗದಿಂದ ಗುಣಿಸಿದ್ದು. x ಅಕ್ಷದಿಂದ ಕಣದ ದೂರ 4, ಅದರ ವರ್ಗ 16. y ಅಕ್ಷದಿಂದ ದೂರ 3, ವರ್ಗ 9. z ಅಕ್ಷದಿಂದ ದೂರ 5, ವರ್ಗ 25. ಹದಿನಾರಕ್ಕೆ ಒಂಬತ್ತು ಸೇರಿಸಿದರೆ ಇಪ್ಪತ್ತೈದು. ಇದು ಪೈಥಾಗೊರಸ್ ಪ್ರಮೇಯವೇ, ಬೇರೇನಲ್ಲ. ತಗಡಿನ ಪ್ರತಿ ಕಣಕ್ಕೂ ಹೀಗೆ ಬರೆದು ಎಲ್ಲವನ್ನೂ ಕೂಡಿದರೆ Iz = Ix + Iy ಸಿಗುತ್ತದೆ.

ಈಗ ಆ ಕಣವನ್ನು ಅಲ್ಲಿಂದಲೇ ನೆಟ್ಟಗೆ 2 ಸೆಂ.ಮೀ. ಮೇಲಕ್ಕೆ ಎತ್ತಿ. z ಅಕ್ಷದಿಂದ ಅದರ ದೂರ ಬದಲಾಯಿತೇ? ಇಲ್ಲ. ಆ ಅಕ್ಷಕ್ಕೆ ಸಮಾಂತರವಾಗಿ ಎತ್ತಿದಿರಿ, ಹಾಗಾಗಿ ಅಲ್ಲಿ 25 ಹಾಗೇ ಉಳಿಯಿತು. ಆದರೆ x ಅಕ್ಷ ಕೆಳಗೆ ಮೇಜಿನ ಮೇಲಿದೆ. ಅದರಿಂದ ಕಣ ಈಗ ಇನ್ನಷ್ಟು ದೂರ: 16 + 4 = 20. y ಅಕ್ಷದಿಂದಲೂ ಅಷ್ಟೇ: 9 + 4 = 13. ಎರಡೂ ಕೂಡಿದರೆ 33. z ಅಕ್ಷದ್ದು ಮಾತ್ರ 25. ಎಂಟು ಜಾಸ್ತಿ ಬಂತು. ಎತ್ತಿದ ಎತ್ತರದ ವರ್ಗ 4. ಅದು x ಲೆಕ್ಕದಲ್ಲಿ ಒಂದು ಸಲ, y ಲೆಕ್ಕದಲ್ಲಿ ಇನ್ನೊಂದು ಸಲ ಸೇರಿತು. z ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ.

ಹಾಗಾಗಿ ಯಾವುದೇ ವಸ್ತುವಿಗೆ, ಅದು ಎಂಥ ಆಕಾರದ್ದಾದರೂ ಇರಲಿ, ಪೂರ್ತಿ ನಿಜವಾದ ಸೂತ್ರ ಇದು:

Ix + Iy = Iz + 2 Σmz²

ಪುಸ್ತಕದ ಪ್ರಮೇಯ ಇದರದ್ದೇ ಒಂದು ತುಂಡು. ಎಲ್ಲ ಕಣಗಳೂ ಒಂದೇ ಸಮತಲದಲ್ಲಿದ್ದು, x ಮತ್ತು y ಅಕ್ಷಗಳೂ ಅದೇ ಸಮತಲದಲ್ಲಿದ್ದರೆ ಪ್ರತಿ ಕಣಕ್ಕೂ z ಸೊನ್ನೆ. ಆಗ ಕೊನೆಯ ಪದ ಹೋಗುತ್ತದೆ. ವಸ್ತುವಿಗೆ ದಪ್ಪ ಇದ್ದರೆ ಆ ಪದ ಉಳಿಯುತ್ತದೆ, ಮತ್ತು ಅದು ಯಾವತ್ತೂ ಧನ ಸಂಖ್ಯೆಯೇ. ಮೇಲಕ್ಕೆ ಎತ್ತಿದರೂ ಕೆಳಕ್ಕೆ ಇಳಿಸಿದರೂ ವರ್ಗ ಧನವೇ ಆದ್ದರಿಂದ, ಸಿಲಿಂಡರ್‌ನ ಮೇಲರ್ಧ ಕೆಳಗರ್ಧ ಒಂದನ್ನೊಂದು ಹೊಡೆದುಹಾಕುತ್ತವೆ ಅಂತ ಅಂದುಕೊಳ್ಳುವ ಹಾಗಿಲ್ಲ.

ಇನ್ನು ನಿಮ್ಮ ಸಿಲಿಂಡರ್‌ಗೆ ಬರೋಣ. 1 ಕೆ.ಜಿ. ತೂಕದ ಮರದ ದುಂಡು ತುಂಡು ಅಂತಿಟ್ಟುಕೊಳ್ಳಿ. ತ್ರಿಜ್ಯ 5 ಸೆಂ.ಮೀ., ಉದ್ದ 20 ಸೆಂ.ಮೀ. ಉದ್ದದ ಅಕ್ಷದ ಸುತ್ತ MR²/2, ಅಂದರೆ 12.5 ಕೆ.ಜಿ. ಸೆಂ.ಮೀ.². ನೀವು ಹೇಳುವಂತೆ ಅರ್ಧ ಮಾಡಿದರೆ ನಡುಮಧ್ಯದ ಅಡ್ಡ ಅಕ್ಷಕ್ಕೆ 6.25 ಬರಬೇಕು. ಆದರೆ MR²/4 ಅನ್ನುವ ಉತ್ತರದಲ್ಲಿ ಉದ್ದ L ಎಲ್ಲಿದೆ ನೋಡಿ. ಎಲ್ಲೂ ಇಲ್ಲ. ಅಷ್ಟೇ ತೂಕದ, ಅಷ್ಟೇ ತ್ರಿಜ್ಯದ ತುಂಡು ಮೊಳದುದ್ದ ಇದ್ದರೂ ಮಾರುದ್ದ ಇದ್ದರೂ ಅಡ್ಡಕ್ಕೆ ತಿರುಗಿಸಲು ಒಂದೇ ಶ್ರಮ ಅಂತ ಅದು ಹೇಳುತ್ತಿದೆ. ಉದ್ದನೆಯ ಗಳ ಹಿಡಿದು ತಿರುಗಿಸಿದ ಯಾರೂ ಇದನ್ನು ಒಪ್ಪುವುದಿಲ್ಲ.

ಸರಿಯಾದ ಉತ್ತರಕ್ಕೆ ಈ ಪ್ರಮೇಯವನ್ನು ಬಿಡಬೇಕಿಲ್ಲ, ಅದು ಸಲ್ಲುವ ಕಡೆ ಬಳಸಿದರೆ ಸಾಕು. ತುಂಡನ್ನು ಮನಸ್ಸಿನಲ್ಲೇ ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ. ಒಂದೊಂದು ಬಿಲ್ಲೆಯೂ ಚಪ್ಪಟೆ. ಆದ್ದರಿಂದ ಅದರ ಸ್ವಂತ ವ್ಯಾಸದ ಸುತ್ತ, ಪ್ರತಿ ಕೆ.ಜಿ.ಗೆ R²/4, ಅಂದರೆ 6.25 ಅಂತ ಧೈರ್ಯವಾಗಿ ಬರೆಯಬಹುದು. ಆದರೆ ನಮಗೆ ಬೇಕಾದ ಅಕ್ಷ ತುಂಡಿನ ನಡುವಿನಲ್ಲಿದೆ, ಬಿಲ್ಲೆ ಅದರಿಂದ z ದೂರದಲ್ಲಿದೆ. ಸಮಾಂತರ ಅಕ್ಷ ಪ್ರಮೇಯದ ಪ್ರಕಾರ z² ಸೇರಿಸಬೇಕು. ನಟ್ಟನಡುವಿನ ಬಿಲ್ಲೆಗೆ ಸೇರುವುದು ಸೊನ್ನೆ, ಅಲ್ಲಿ 6.25 ಅಷ್ಟೇ. ತುದಿಯ ಬಿಲ್ಲೆ 10 ಸೆಂ.ಮೀ. ದೂರದಲ್ಲಿದೆ, ಅಲ್ಲಿ 6.25 + 100 = 106.25. ಹದಿನೇಳು ಪಟ್ಟು! ಈ ನೂರನ್ನೇ ನಿಮ್ಮ ಲೆಕ್ಕ ಪೂರ್ತಿ ಬಿಟ್ಟುಬಿಟ್ಟಿದ್ದು.

ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ z² ಬೆಲೆಯ ಸರಾಸರಿ L²/12. ಇಲ್ಲಿ ಅದು 400/12, ಅಂದರೆ 33.33. ಹಾಗಾಗಿ Ix = MR²/4 + ML²/12 = 6.25 + 33.33 = 39.58. ನಿಮಗೆ ಬಂದದ್ದರ ಆರು ಪಟ್ಟಿಗೂ ಜಾಸ್ತಿ. ಪೂರ್ತಿ ಸೂತ್ರದಲ್ಲೂ ತಾಳೆ ನೋಡಿ: Ix + Iy = 79.17. ಅದರಲ್ಲಿ Iz, ಅಂದರೆ 12.5 ಕಳೆದರೆ 66.67. ಅದು 33.33ರ ಎರಡರಷ್ಟು, ಸರಿಯಾಗಿ 2Σmz².

ಗೋಳಕ್ಕೆ ಹಾಕಿದರೆ ತಪ್ಪು ಇನ್ನೂ ಬೇಗ ಕಾಣುತ್ತದೆ. ಮೂರೂ ಅಕ್ಷಕ್ಕೆ 2MR²/5 ಒಂದೇ ಬೆಲೆ, ಹಾಗಾಗಿ 2/5 = 4/5 ಅಂತ ಬರೆಯಬೇಕಾಗುತ್ತದೆ.

ನಿಜವಾದ ಬಿಲ್ಲೆಗೂ ದಪ್ಪ ಇದ್ದೇ ಇರುತ್ತಲ್ಲ, ಹಾಗಾದರೆ ಎಷ್ಟು ತೆಳ್ಳಗಿದ್ದರೆ ಸಾಕು ಅಂತ ನೀವು ಮುಂದೆ ಕೇಳಬಹುದು. ML²/12 ಅನ್ನು MR²/4ರಿಂದ ಭಾಗಿಸಿ: L²/3R². ಅದೇ 5 ಸೆಂ.ಮೀ. ತ್ರಿಜ್ಯಕ್ಕೆ ದಪ್ಪ 2 ಮಿ.ಮೀ. ಇದ್ದರೆ ಬಿಟ್ಟುಹೋಗುವುದು ನೂರಕ್ಕೆ 0.05 ಭಾಗ ಮಾತ್ರ. ದಪ್ಪ 1 ಸೆಂ.ಮೀ. ಆದರೆ ನೂರಕ್ಕೆ 1.3, ಅದೂ ನಡೆಯುತ್ತದೆ. 5 ಸೆಂ.ಮೀ. ದಪ್ಪಕ್ಕೆ ಬಂದರೆ ನೂರಕ್ಕೆ 33, ಅಲ್ಲಿ ಸುಮ್ನೆ ಪ್ರಮೇಯ ಹಾಕಿ ಹೋಗುವಂತಿಲ್ಲ.

ಹುಡುಗರು ತುಂಬಾ ಜಾರುವ ಜಾಗ ಇನ್ನೊಂದಿದೆ. ತೆಳ್ಳಗಿರುವುದೆಲ್ಲ ಚಪ್ಪಟೆ ಅಲ್ಲ. ತಂತಿಯ ಬಳೆ ಒಂದೇ ಸಮತಲದಲ್ಲಿದೆ. ಅದಕ್ಕೆ ಪ್ರಮೇಯ ಸಲ್ಲುತ್ತದೆ, ವ್ಯಾಸದ ಸುತ್ತ MR²/2 ಸರಿ. ಅದೇ ತಗಡನ್ನು ಸುರುಳಿ ಸುತ್ತಿ ಕೊಳವೆ ಮಾಡಿದರೆ, ತಗಡು ಎಷ್ಟೇ ತೆಳುವಾಗಿದ್ದರೂ ಅದರ ಕಣಗಳು ಒಂದೇ ಸಮತಲದಲ್ಲಿಲ್ಲ. ಉದ್ದದುದ್ದಕ್ಕೂ z ಬದಲಾಗುತ್ತದೆ. ಅಲ್ಲಿ ಉತ್ತರ MR²/2 + ML²/12.

ಇನ್ನೊಂದು ಕಡೆ, ಬೇಡದ ಷರತ್ತುಗಳನ್ನೂ ಕೆಲವರು ಸೇರಿಸುತ್ತಾರೆ. ಮೂರು ಅಕ್ಷ ಕೂಡುವ ಬಿಂದು ತಗಡಿನ ದ್ರವ್ಯರಾಶಿ ಕೇಂದ್ರವೇ ಆಗಬೇಕಿಲ್ಲ. ಚೌಕ ತಗಡಿನ ಮೂಲೆಯಲ್ಲಿ, ಎರಡು ಅಂಚುಗಳನ್ನೇ x, y ಅಂತ ಇಟ್ಟುಕೊಂಡರೆ ಒಂದೊಂದಕ್ಕೂ Ma²/3. ಮೂಲೆಯಿಂದ ಲಂಬವಾಗಿ ಎದ್ದ ಅಕ್ಷಕ್ಕೆ 2Ma²/3, ಸರಿಯಾಗಿಯೇ ಬರುತ್ತದೆ. ತಗಡಿನ ಆಕಾರ ಅಂಕುಡೊಂಕಾಗಿದ್ದರೂ, ಒಂದು ಕಡೆ ಭಾರ ಜಾಸ್ತಿ ಇದ್ದರೂ ತೊಂದರೆ ಇಲ್ಲ. ಆದರೆ Ix = Iy ಅಂತ ಅರ್ಧ ಮಾಡುವ ಹೆಜ್ಜೆಗೆ ಮಾತ್ರ ಎರಡೂ ಅಕ್ಷಗಳಿಗೆ ತಗಡು ಒಂದೇ ಥರ ಇರಬೇಕು. ಆಯತಾಕಾರದ ತಗಡಿಗೆ ಅರ್ಧ ಮಾಡಿದರೆ ತಪ್ಪಾಗುತ್ತದೆ, ಮತ್ತು ಆ ತಪ್ಪು ಪ್ರಮೇಯದ್ದಲ್ಲ.

ಘನ ವಸ್ತುಗಳ ಲೆಕ್ಕದಲ್ಲಿ ಪೂರ್ತಿ ಸೂತ್ರ ಒಂದು ತಪಾಸಣೆಗೂ ಬರುತ್ತದೆ. 2Σmz² ಋಣ ಆಗುವಂತಿಲ್ಲವಲ್ಲ, ಹಾಗಾಗಿ ಒಂದಕ್ಕೊಂದು ಲಂಬವಾಗಿ ಒಂದೇ ಬಿಂದುವಿನಲ್ಲಿ ಕೂಡುವ ಮೂರು ಅಕ್ಷಗಳಲ್ಲಿ ಯಾವುದೇ ಎರಡರ ಮೊತ್ತ ಮೂರನೆಯದಕ್ಕಿಂತ ಕಡಿಮೆ ಆಗುವುದೇ ಇಲ್ಲ. ನಿಮ್ಮ ಉತ್ತರದಲ್ಲಿ ಕಡಿಮೆ ಬಂದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ ಅಂತಲೇ ತಿಳಿದು ಹಿಂದಕ್ಕೆ ಹೋಗಿ ಹುಡುಕಿ.