ಅಳಿವೆಯ ಹೊರಗೆ ಕಾದವನು

ಪ್ರಶ್ನೆ: ಗುತ್ತಿನ ಮನೆಯೊಂದರ ಯಜಮಾನನ ಬಗ್ಗೆ ನಾಟಕ ಬರೆಯುತ್ತಿದ್ದೇನೆ. ಕೊನೆಗೆ ಅವನು ಸಾಯುತ್ತಾನೆ. ಮೊದಲು ಓದಿದವರು "ಇದು ಗೊತ್ತೇ ಇತ್ತು" ಎಂದರು. ಬದಲಿಸಿದೆ. ಈಗ "ಇದು ಎಲ್ಲಿಂದ ಬಂತು?" ಎನ್ನುತ್ತಾರೆ. ತಂಗಿಯ ಮದುವೆ, ಜಾಗದ ವ್ಯಾಜ್ಯ, ಊರು ಬಿಟ್ಟುಹೋದ ಅಣ್ಣ, ಇವುಗಳಲ್ಲಿ ಯಾವುದನ್ನು ಮುಗಿಸಬೇಕು, ಯಾವುದನ್ನು ಹಾಗೇ ಬಿಡಬಹುದು?

ಉತ್ತರ: ನಾನು ಉಡುಪಿಯವನು. ಹವ್ಯಾಸಿ ತಂಡವೊಂದಕ್ಕೆ ನಾಟಕ ಬರೆದುಕೊಡುತ್ತೇನೆ. ನಿಮಗೆ ಸಿಕ್ಕಿದ ಎರಡೂ ಮಾತುಗಳು ಇದೇ ಕ್ರಮದಲ್ಲಿ ನನಗೂ ಸಿಕ್ಕಿದ್ದವು. ಆ ನಾಟಕ ದಡ ಸೇರುವುದಕ್ಕೆ ಮೂರು ಸಲ ಬರೆಯಬೇಕಾಯಿತು. ಅದನ್ನೇ ಹೇಳುತ್ತೇನೆ, ನಿಮ್ಮದಕ್ಕೆ ಎಷ್ಟು ಹೊಂದುತ್ತದೆಯೋ ನೋಡಿ.

ವಾಸು ಎಂಬ ಮೀನುಗಾರ. ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಸೇರಿ ಸಮುದ್ರಕ್ಕೆ ಬೀಳುತ್ತವಲ್ಲ, ಅಂಥದೊಂದು ಅಳಿವೆಯ ಪಕ್ಕದ ಊರು. ಹನ್ನೆರಡು ವರ್ಷಗಳ ಹಿಂದೆ ವಾಸುವಿನ ತಮ್ಮ ಶೇಖರ ಅಳಿವೆಯಲ್ಲಿ ದೋಣಿ ಮಗುಚಿ ಸತ್ತಿದ್ದಾನೆ. ಅಂದಿನಿಂದ ವಾಸು ತನ್ನ ಮಗ ಪ್ರವೀಣನನ್ನು ನೀರಿನ ಹತ್ತಿರ ಬಿಟ್ಟಿಲ್ಲ, ಮಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿಸುತ್ತಿದ್ದಾನೆ. ಕಥೆ ನಡೆಯುವುದು ಜುಲೈ ತಿಂಗಳಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ, ಆ 61 ದಿನ, ಯಾಂತ್ರಿಕ ಬೋಟುಗಳಿಗೆ ನಿಷೇಧ. ನಾಡದೋಣಿಗಳು ಮಾತ್ರ ಹೊರಡುತ್ತವೆ.

ಮೊದಲ ಕರಡಿನಲ್ಲಿ ಸಾಲಕ್ಕೆ ಸಿಕ್ಕಿದ ವಾಸು ಗಾಳಿಮಳೆಯ ದಿನ ಹಟ ಹಿಡಿದು ಸಮುದ್ರಕ್ಕೆ ಹೋಗಿ ಮುಳುಗುತ್ತಿದ್ದ. ನೋಡಿದವರು "ಪಾಪ" ಎಂದು ಎದ್ದು ಹೋದರು. ಮೊದಲ ಅಂಕದಲ್ಲಿ ತಮ್ಮ ಮುಳುಗಿದ್ದನ್ನು ಕೇಳಿದವನಿಗೆ ಕೊನೆಯ ಅಂಕದಲ್ಲಿ ಅಣ್ಣ ಮುಳುಗುವುದು ಹೊಸದಲ್ಲ. ಎರಡನೆಯ ಕರಡಿನಲ್ಲಿ ನನಗೆ ಚಾತುರ್ಯದ ಹುಚ್ಚು ಹಿಡಿಯಿತು. ವಾಸುವಿನ ಜೊತೆಗಾರ ಅಣ್ಣಪ್ಪ ಹಳೆಯ ದ್ವೇಷಕ್ಕೆ ದೋಣಿಯನ್ನು ಕೆಡಿಸಿಟ್ಟಿದ್ದನೆಂದು ಕೊನೆಗೆ ಬಯಲಾಗುವ ಹಾಗೆ ಬರೆದೆ. ಎಲ್ಲರೂ ಬೆಚ್ಚಿದರು ನಿಜ, ಆದರೆ ಯಾರೂ ನಂಬಲಿಲ್ಲ. ಕೊನೆಯ ಐದು ನಿಮಿಷಗಳಲ್ಲಿ ಹೊಸ ಸಂಗತಿಯೊಂದನ್ನು ಒಳಗೆ ತಳ್ಳಿದ್ದೆ. ನೋಡುವವನಿಗೆ ಅದು ಮೋಸದ ಹಾಗೆ ಕಾಣುತ್ತದೆ.

ದಾರಿ ಸಿಕ್ಕಿದ್ದು ಮಳೆಗಾಲದ ಒಂದು ತಾಳಮದ್ದಳೆಯಲ್ಲಿ. ಕರ್ಣನ ಕೊನೆಯ ಪ್ರಸಂಗ. ಸಭೆಯಲ್ಲಿದ್ದ ಮಕ್ಕಳಿಗೂ ಕರ್ಣ ಸಾಯುತ್ತಾನೆಂದು ಗೊತ್ತು. ಸರ್ಪಾಸ್ತ್ರದ ಗುರಿಯನ್ನು ಬದಲಿಸಿ ಮತ್ತೆ ಹೂಡು ಎಂದು ಶಲ್ಯ ಹೇಳಿದಾಗ ಕರ್ಣ ಒಪ್ಪುವುದಿಲ್ಲ, ಒಮ್ಮೆ ತೊಟ್ಟದ್ದನ್ನು ಮತ್ತೆ ತೊಡುವವನಲ್ಲ ಎನ್ನುತ್ತಾನೆ. ಕೃಷ್ಣ ರಥವನ್ನು ಕೆಳಕ್ಕೆ ಅದುಮುತ್ತಾನೆ, ಬಾಣ ಅರ್ಜುನನ ಕಿರೀಟವನ್ನಷ್ಟೇ ಒಯ್ಯುತ್ತದೆ. ಗೊತ್ತಿದ್ದ ಕಥೆ ಆ ರಾತ್ರಿ ಯಾಕೆ ಮೈ ನಡುಗಿಸಿತು ಎಂದು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ನಾವು ಅಲ್ಲಿಯವರೆಗೆ ಕರ್ಣನಲ್ಲಿ ಮೆಚ್ಚಿಕೊಂಡು ಬಂದಿದ್ದ ಗುಣ ಅವನ ನಿಷ್ಠೆ. ಅದೇ ಗುಣ ಅಲ್ಲಿ ಅವನ ಕೈ ಕಟ್ಟಿತು. ಸೋಲಿಸುವುದಕ್ಕೆ ಹೊಸ ಶತ್ರು ಯಾರೂ ಬರಬೇಕಾಗಲಿಲ್ಲ. ಅರಿಸ್ಟಾಟಲ್ ಗ್ರೀಕ್ ನಾಟಕದಿಂದ ಕೊಡುವ ಉದಾಹರಣೆಯೂ ಇದೇ ಜಾತಿಯದು: ಈಡಿಪಸನ ಭಯವನ್ನು ಕಳೆಯಲೆಂದು ಬಂದ ದೂತನ ಮಾತೇ ಅವನನ್ನು ಕೆಡವುತ್ತದೆ.

ಹಾಗಾದರೆ ವಾಸುವಿನಲ್ಲಿ ನಾವು ಮೆಚ್ಚುವುದು ಏನನ್ನು? ಮಗನನ್ನು ಕಾಪಾಡುವ ಅವನ ಪ್ರೀತಿಯನ್ನು. ಆ ಪ್ರೀತಿಯೇ ಕೊಲ್ಲಬೇಕಾದರೆ ಸಾಯುವವನು ವಾಸು ಅಲ್ಲ, ಪ್ರವೀಣ. ಇದು ಹೊಳೆದ ಮೇಲೆ ಕೊನೆಯ ದೃಶ್ಯದಿಂದ ಹಿಂದಕ್ಕೆ ಬರೆಯುತ್ತಾ ಹೋದೆ.

ಇಲ್ಲಿ ಅಳಿವೆಯ ನೀರಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ನಾಟಕದ ಕೀಲು ಅದೇ. ಇಳಿತದ ಹೊತ್ತಿನಲ್ಲಿ ನೀರು ಹೊಳೆಯಿಂದ ಹೊರಕ್ಕೆ ನುಗ್ಗುತ್ತದೆ, ಮಳೆಗಾಲದಲ್ಲಿ ನೆರೆನೀರೂ ಅದಕ್ಕೆ ಸೇರುತ್ತದೆ. ಎದುರಿನಿಂದ ಬರುವ ಸಮುದ್ರದ ಅಲೆ ಆ ಸೆಳೆತಕ್ಕೆ ಸಿಕ್ಕಿ ಕಡಿದಾಗಿ ಎದ್ದು ಮರಳ ದಿಣ್ಣೆಯ ಮೇಲೆ ಒಡೆಯುತ್ತದೆ. ತಿಳಿದವನು ಆ ಹೊತ್ತಿನಲ್ಲಿ ಒಳಗೆ ಬರುವುದಿಲ್ಲ. ಅಳಿವೆಯ ಹೊರಗೆ ಲಂಗರು ಹಾಕಿ, ಭರತದ ನೀರು ಏರುವವರೆಗೆ ಗಂಟೆಗಟ್ಟಲೆ ಕಾಯುತ್ತಾನೆ. ದಡದಿಂದ ಹೊರಡುವವನಿಗೆ ಮಾತ್ರ ಇಳಿತದ ನೀರು ಸುಲಭದ ದಾರಿಯಂತೆ ಕಾಣುತ್ತದೆ. ಅದು ದೋಣಿಯನ್ನು ತಾನೇ ಎಳೆದುಕೊಂಡು ಹೋಗುತ್ತದೆ, ಎದ್ದ ಅಲೆಯ ಬುಡಕ್ಕೆ.

ಮೂರನೆಯ ಕರಡಿನ ಕೊನೆಯ ದಿನ ವಾಸು ಮಾಡಿದ್ದು ಸರಿಯಾದ ಕೆಲಸವನ್ನೇ: ಅಳಿವೆ ಕೆಟ್ಟಿದೆ ಎಂದು ಹೊರಗೆ ಕಾಯುತ್ತಾ ಕುಳಿತ. ದಡದಲ್ಲಿ ಪ್ರವೀಣ ತಂದೆ ಅಪಾಯದಲ್ಲಿದ್ದಾನೆಂದು ತಿಳಿದು ದೋಣಿ ಇಳಿಸಿದ. ಇಳಿತದ ನೀರು ಏನೆಂದು ಅವನಿಗೆ ಗೊತ್ತಿಲ್ಲ, ತಂದೆ ಕಲಿಸಲೇ ಇಲ್ಲ. ಮೊದಲ ಅಂಕದಲ್ಲಿ ಮಗ ಕೇಳುತ್ತಾನೆ: "ಅಳಿವೆ ಯಾವಾಗ ದಾಟಬೇಕು ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ ಅಪ್ಪ?" ವಾಸು ನಗುತ್ತಾನೆ. "ಅದು ಗೊತ್ತಿದ್ದವರಿಗೆ ಯಾವ ಕಂಪನಿ ಕೆಲಸ ಕೊಡುತ್ತದೆ? ಹೋಗಿ ಓದಿಕೋ." ಪ್ರೇಕ್ಷಕರೂ ನಗುತ್ತಾರೆ. ನಗಲೇಬೇಕು. ಮುಂದೆ ಬೇಕಾಗುವ ಸಂಗತಿಯನ್ನು ಇಡುವ ದೃಶ್ಯಕ್ಕೆ ಆ ಹೊತ್ತಿನಲ್ಲಿ ಬೇರೊಂದು ಕೆಲಸ ಇರಬೇಕು. ಇಲ್ಲದಿದ್ದರೆ ಚುರುಕಾದ ಪ್ರೇಕ್ಷಕ ಅದನ್ನು ಕಿಸೆಗೆ ಹಾಕಿಕೊಂಡು ಕಾಯುತ್ತಾನೆ.

ಆದರೆ ಹೊರಟವನನ್ನು ಯಾರೂ ತಡೆಯಲಿಲ್ಲವೇ? ನೀರು ಬಲ್ಲ ಅಣ್ಣಪ್ಪ ಅಲ್ಲಿರಲಿಲ್ಲ. ಎಂಜಿನ್ ರಿಪೇರಿಯ ಹಣಕ್ಕಾಗಿ ಎರಡನೆಯ ಅಂಕದಲ್ಲಿ ಆದ ಜಗಳದ ನಂತರ ಅವನು ಈ ಮನೆಯ ಕಡೆ ತಲೆ ಹಾಕಿಲ್ಲ. ವಾಸು ಒಬ್ಬನೇ ಸಮುದ್ರಕ್ಕೆ ಹೋದದ್ದೂ ಅದಕ್ಕೇ. ದೊಡ್ಡ ಬೋಟುಗಳೆಲ್ಲ ನಿಷೇಧದಲ್ಲಿ ಕಟ್ಟಿ ನಿಂತಿವೆ. ಇನ್ನು ಮೊಬೈಲ್. ಈ ಕಾಲದಲ್ಲಿ ದುರಂತ ಬರೆಯುವವನ ದೊಡ್ಡ ತಲೆನೋವು ಅದು, ಒಂದು ಕರೆ ಮಾಡಿದರೆ ಅರ್ಧದಷ್ಟು ದುರಂತಗಳು ನಡೆಯುವುದೇ ಇಲ್ಲ. ಸಿಗ್ನಲ್ ಇಲ್ಲ ಎಂದು ಬರೆಯುವುದು ಸೋಮಾರಿತನ. ನನ್ನ ನಾಟಕದಲ್ಲಿ ಮಗನ ಫೋನ್ ಕೆಟ್ಟಿತ್ತು, ಕಾಲೇಜಿನ ಶುಲ್ಕ ಕಟ್ಟಬೇಕಿತ್ತು, ವಾಸು ತನ್ನ ಫೋನನ್ನೇ ಅವನಿಗೆ ಕೊಟ್ಟಿದ್ದ. ಅದೂ ಪ್ರೀತಿಯೇ.

ಎಲ್ಲಕ್ಕಿಂತ ಹೆಚ್ಚು ದುಡಿದದ್ದು ತಾಯಿಯ ಒಂದು ಮಾತು. "ಹೊರಗೆ ಕಾಯುತ್ತಿರಬಹುದು" ಎಂದು ಗಿರಿಜಾ ಹೇಳುತ್ತಾಳೆ. ನಿಜ ಅದೇ. ಆದರೆ ಶೇಖರ ಬಾರದ ರಾತ್ರಿಯೂ ಅವಳು ಅದೇ ಮಾತು ಹೇಳಿದ್ದಳೆಂದು ನಮಗೆ ಮೊದಲೇ ಗೊತ್ತು. ಅವಳ ಬಾಯಲ್ಲೇ ಆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಹೀಗೆ ಹಳೆಯ ಒಂದೇ ಸಾವು ಎರಡು ಕೆಲಸ ಮಾಡಿತು: ಮಗ ನೀರು ಕಲಿಯದಂತೆ ನೋಡಿಕೊಂಡಿತು, ಮನೆಯಲ್ಲಿ ಯಾರೂ ಕಾಯಲಾರದಂತೆಯೂ ಮಾಡಿತು. ಪ್ರೇಕ್ಷಕರು ಉತ್ತರವನ್ನು ಕಿವಿಯಾರೆ ಕೇಳಿರುತ್ತಾರೆ, ನಂಬಿರುವುದಿಲ್ಲ. ಬೆರಗಿಗೆ ಜಾಗ ಆಗುವುದು ಅಲ್ಲಿ.

ದೃಶ್ಯಗಳ ಕ್ರಮದಲ್ಲೂ ಒಮ್ಮೆ ಎಡವಿದೆ. ವಾಸು ದೋಣಿಯಲ್ಲಿ ವೀಳ್ಯ ಜಗಿಯುತ್ತಾ ಆರಾಮವಾಗಿ ಕಾಯುವ ದೃಶ್ಯವನ್ನು ಮೊದಲೇ ತೋರಿಸಿದ್ದೆ. ಅದರಿಂದ ಆತಂಕ ಹೆಚ್ಚಿತು, ಬೆರಗು ಸತ್ತಿತು. ಅದನ್ನು ತೆಗೆದುಹಾಕಿದೆ. ಈಗ ಮಗುಚಿದ ದೋಣಿ ದಡಕ್ಕೆ ಬಂದು ಬೀಳುತ್ತದೆ, ಮಗ ಹೋದ ಎಂದು ನಮಗೆ ಗೊತ್ತಾಗುತ್ತದೆ. ತಂದೆಯೂ ಹೋದನೆಂದೇ ನಾವು ನಂಬಿರುತ್ತೇವೆ. ನೀರು ಏರುತ್ತದೆ. ಕತ್ತಲೆಯಿಂದ ವಾಸುವಿನ ದನಿ: "ಹಗ್ಗ ಹಿಡಿ ಮಾರಾಯ, ನಿಂತು ಏನು ನೋಡುತ್ತೀ?" ದೀಪ ಆರುತ್ತದೆ.

ಇದು ಸರಿಯಾಯಿತೇ ಎಂದು ತಿಳಿಯುವುದಕ್ಕೆ ನಾನು ಮಾಡುವ ಪರೀಕ್ಷೆ ಸರಳ. ನಾಟಕ ಗೊತ್ತಿಲ್ಲದ ಐದಾರು ಜನರಿಗೆ ಮುಕ್ಕಾಲು ಭಾಗ ಓದಿ, ಕೊನೆಯನ್ನು ಚೀಟಿಯಲ್ಲಿ ಬರೆಯಲು ಹೇಳುತ್ತೇನೆ. ಪೂರ್ತಿ ಓದಿದ ಮೇಲೆ "ಈಗ ಯಾವ ದೃಶ್ಯ ನೆನಪಾಯಿತು?" ಎಂದು ಕೇಳುತ್ತೇನೆ. ಚೀಟಿ ತಪ್ಪಾಗಿರಬೇಕು, ನೆನಪು ಮಾತ್ರ ಹಿಂದಿನ ದೃಶ್ಯಕ್ಕೆ ಹೋಗಬೇಕು. ಎಲ್ಲರ ಚೀಟಿಯೂ ಸರಿಯಾಗಿದ್ದರೆ ನಿಮ್ಮ ಮೊದಲ ಕರಡಿನ ರೋಗ. ಯಾವ ದೃಶ್ಯವೂ ನೆನಪಾಗದಿದ್ದರೆ ಎರಡನೆಯದರ ರೋಗ.

ಇನ್ನು ಬಿಟ್ಟ ಎಳೆಗಳು. ಅಣ್ಣಪ್ಪ ಪ್ರವೀಣ ದೋಣಿ ಇಳಿಸುವುದನ್ನು ದೂರದಿಂದ ನೋಡಿಯೂ ಸುಮ್ಮನಿದ್ದನೇ ಎಂಬುದನ್ನು ಮೊದಲ ಪ್ರದರ್ಶನದಲ್ಲಿ ತೆರೆದೇ ಬಿಟ್ಟಿದ್ದೆ. ಅದು ಆಳವಾದದ್ದು ಎಂದುಕೊಂಡಿದ್ದೆ. ನಾಟಕ ಮುಗಿದ ಮೇಲೆ ಚಹಾ ಕುಡಿಯುತ್ತಾ ನಿಂತವರೆಲ್ಲ ಪೊಲೀಸರ ಹಾಗೆ ಅದೊಂದನ್ನೇ ಚರ್ಚಿಸಿದರು, ವಾಸುವಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕಾರಣ ಆಮೇಲೆ ಹೊಳೆಯಿತು. ಅಣ್ಣಪ್ಪ ನೋಡಿದ್ದನೆಂದರೆ ಮಗನನ್ನು ಕೊಂದದ್ದು ಅವನ ಮೌನ, ನೋಡಿಲ್ಲವೆಂದರೆ ತಂದೆಯ ಪ್ರೀತಿ. ಉತ್ತರ ಬದಲಾದರೆ ದುರಂತವೇ ಬದಲಾಗುತ್ತದೆ. ಅಂಥ ಎಳೆಯನ್ನು ಬಿಡುವ ಹಾಗಿಲ್ಲ. ಅಂದು ಅವನು ಬ್ರಹ್ಮಾವರಕ್ಕೆ ಮದುವೆಗೆ ಹೋಗಿದ್ದ ಎಂದು ಒಂದು ಸಾಲು ಸೇರಿಸಿ ಮುಚ್ಚಿದೆ.

ಪ್ರವೀಣ ಹೊರಟದ್ದು ಅಪ್ಪನ ಮೇಲಿನ ಪ್ರೀತಿಗೋ, ತನಗೂ ನೀರು ಗೊತ್ತು ಎಂದು ತೋರಿಸುವುದಕ್ಕೋ? ಇದನ್ನು ಬಿಟ್ಟಿದ್ದೇನೆ. ಹೇಗೆ ಓದಿದರೂ ಅಪ್ಪನ ಪಾಲು ಅಷ್ಟೇ ಉಳಿಯುತ್ತದೆ, ನೋವಿನ ಬಣ್ಣ ಬದಲಾಗುತ್ತದೆ. ಮನೆಯ ಸಾಲವನ್ನೂ ಬಿಟ್ಟಿದ್ದೇನೆ, ಆದರೆ ಮರೆತು ಬಿಟ್ಟದ್ದಲ್ಲ ಎಂದು ಗೊತ್ತಾಗುವಂತೆ ಕೊನೆಯ ದೃಶ್ಯದಲ್ಲಿ ಒಮ್ಮೆ ಮುಟ್ಟಿದ್ದೇನೆ: ಗಿರಿಜಾ ದಡದಲ್ಲಿ ಕುಳಿತಿರುವಾಗ ಬ್ಯಾಂಕಿನ ಕಾಗದ ಅವಳ ಸೆರಗಿನ ಗಂಟಿನಲ್ಲಿದೆ. ಹಾಗೆ ಒಂದು ಸಲ ಮುಟ್ಟದಿದ್ದರೆ ನೋಡುವವರು ಬರೆದವನ ಮರೆವು ಎಂದುಕೊಳ್ಳುತ್ತಾರೆ.

ನಿಮ್ಮ ನಾಟಕವನ್ನು ನಾನು ಓದಿಲ್ಲ, ಆದ್ದರಿಂದ ಅಂದಾಜಿನಲ್ಲಿ ಹೇಳುತ್ತೇನೆ. ಯಜಮಾನ ಸಾಯುವುದು ಜಾಗ ಬಿಟ್ಟುಕೊಡದ ಹಟದಿಂದಲಾದರೆ ವ್ಯಾಜ್ಯ ಮುಗಿಯಲೇಬೇಕು, ಅದೂ ಅವನು ಗೆಲ್ಲುವ ಹಾಗೆ ಒಮ್ಮೆ ಬರೆದು ನೋಡಿ. ಸೋತು ಸಾಯುವುದನ್ನು ಎಲ್ಲರೂ ಚೀಟಿಯಲ್ಲಿ ಬರೆದಿರುತ್ತಾರೆ. ತಂಗಿಯ ಮದುವೆಯನ್ನು ತೆರೆದೇ ಬಿಡಬಹುದು, ಕೊನೆಯಲ್ಲಿ ಒಂದು ಮಾತಿನಲ್ಲಿ ಮುಟ್ಟಿದರೆ ಸಾಕು. ಅಣ್ಣನದು ಎರಡು ಪ್ರಶ್ನೆ. ಅವನು ಯಾಕೆ ಊರು ಬಿಟ್ಟ ಎಂಬುದು ಯಜಮಾನನ ಗುಣಕ್ಕೆ ಸಂಬಂಧಪಟ್ಟದ್ದಾದರೆ ಅದನ್ನು ಖಚಿತವಾಗಿ ಹೇಳಿಬಿಡಿ. ಈಗ ಎಲ್ಲಿದ್ದಾನೆ, ಸುದ್ದಿ ಕೇಳಿ ಬರುತ್ತಾನೋ ಇಲ್ಲವೋ, ಅದನ್ನು ಹೇಳಬೇಡಿ.